ಫೈನಲ್ ರೌಂಡ್ ಆದ ಮೇಲೆ ರಿಕ್ರೂಟರ್ ಫೋನೇ ಎತ್ತುತ್ತಿಲ್ಲ

ಪ್ರಶ್ನೆ: ನಾನು ದಾವಣಗೆರೆಯವಳು. ಬೆಂಗಳೂರಿನಲ್ಲಿ 6 ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ಈಗಿನ ಸಿಟಿಸಿ 11.5 ಲಕ್ಷ, ನೋಟಿಸ್ ಪೀರಿಯಡ್ 60 ದಿನ. ಒಂದು ಅಮೆರಿಕನ್ ಕಂಪನಿಯ ಬೆಂಗಳೂರು ಆಫೀಸಿನಲ್ಲಿ ನಾಲ್ಕೂ ರೌಂಡ್ ಮುಗಿಸಿದೆ. ರಿಕ್ರೂಟರ್ ಫೋನ್ ಮಾಡಿ "ಫೀಡ್‌ಬ್ಯಾಕ್ ಚೆನ್ನಾಗಿದೆ, ಮುಂದಿನ ವಾರ ಆಫರ್ ಬರುತ್ತೆ" ಅಂದರು. 18 ಲಕ್ಷ ಕೇಳಿದೆ, ಪೇಸ್ಲಿಪ್ ಕಳಿಸಿದೆ. ಅದಾಗಿ 12 ದಿನ ಆಯಿತು. ಫೋನ್ ಎತ್ತಲ್ಲ, ವಾಟ್ಸ್ಆ್ಯಪ್ ನೋಡಿಯೂ ಉತ್ತರ ಕೊಡಲ್ಲ. ಇನ್ನೊಂದು ಚಿಕ್ಕ ಕಂಪನಿ 14 ಲಕ್ಷದ ಆಫರ್ ಕೊಟ್ಟಿದೆ, ಬರುವ ಶುಕ್ರವಾರದೊಳಗೆ ಹೇಳಬೇಕಂತೆ. ಜೊತೆಯವರು "ಪೇಪರ್ ಹಾಕಿಬಿಡು, ನೋಟಿಸ್‌ನಲ್ಲಿದ್ದರೆ ಬೇಗ ಕರೀತಾರೆ" ಅಂತಾರೆ. ಏನು ಮಾಡಲಿ?

ಉತ್ತರ: ಮೊದಲು ರಾಜೀನಾಮೆಯ ವಿಷಯ. ದಯವಿಟ್ಟು ಕೊಡಬೇಡಿ. ನೋಟಿಸ್‌ನಲ್ಲಿ ಇರುವವರನ್ನು ಕಂಪನಿಗಳು ಇಷ್ಟಪಡುವುದು ನಿಜ, ಏಕೆಂದರೆ ಅವರು ಬೇಗ ಬಂದು ಸೇರುತ್ತಾರೆ. ಆದರೆ ನಿಮ್ಮ ಆಫರ್ ನಿಂತಿರುವುದು ನಿಮ್ಮ 60 ದಿನದಿಂದಲೇ ಅನ್ನುವುದಕ್ಕೆ ನೀವು ಬರೆದಿದ್ದರಲ್ಲಿ ಏನೂ ಸುಳಿವಿಲ್ಲ. ನೋಟಿಸ್ ತೊಂದರೆ ಆಗಿದ್ದರೆ ಮೊದಲ ಫೋನ್‌ನಲ್ಲೇ ಹೇಳುತ್ತಿದ್ದರು, ನಾಲ್ಕು ರೌಂಡ್ ನಡೆಸುತ್ತಿರಲಿಲ್ಲ. ಪೇಪರ್ ಹಾಕಿದ ಮೇಲೆ ಅದನ್ನು ವಾಪಸ್ ತೆಗೆದುಕೊಳ್ಳಲು ಸಾಮಾನ್ಯವಾಗಿ ಈಗಿನ ಕಂಪನಿಯ ಒಪ್ಪಿಗೆ ಬೇಕು. ಜೊತೆಗೆ, ಕೈಯಲ್ಲಿ ಆಫರ್ ಇಲ್ಲದೆ ನೋಟಿಸ್‌ನ ದಿನ ಕರಗುತ್ತಾ ಹೋದ ಹಾಗೆ ಸಂಬಳದ ಮಾತಿನಲ್ಲಿ ನಿಮ್ಮ ಕೈ ಕೆಳಗಾಗುತ್ತದೆ. ಎದುರಿನವರಿಗೆ ನಿಮ್ಮ ಕೊನೆಯ ದಿನ ಗೊತ್ತಿರುತ್ತದೆ.

ಈಗ ಆ ಮೌನದ ವಿಷಯ. ನಾನು ಬಹಳ ವರ್ಷ ಐಟಿ ಕಂಪನಿಗಳ ನೇಮಕಾತಿ ವಿಭಾಗದಲ್ಲಿ ಕೆಲಸ ಮಾಡಿದ್ದೇನೆ. ಹೊರಗಿನಿಂದ ನೋಡುವವರಿಗೆ ಫೈನಲ್ ರೌಂಡ್ ಅಂದರೆ ಕೊನೆಯ ಹಂತ. ಒಳಗೆ ಅಲ್ಲಿಂದ ಇನ್ನೊಂದು ಸಾಲು ಕೆಲಸ ಶುರುವಾಗುತ್ತದೆ. ಇಂಟರ್‌ವ್ಯೂ ಮಾಡಿದ ಪ್ರತಿಯೊಬ್ಬರೂ ತಮ್ಮ ಅಭಿಪ್ರಾಯವನ್ನು ಸಿಸ್ಟಮ್‌ನಲ್ಲಿ ಬರೆಯಬೇಕು. ಹೈರಿಂಗ್ ಮ್ಯಾನೇಜರ್, ಅಂದರೆ ನೀವು ಯಾರ ಟೀಮಿಗೆ ಹೋಗುತ್ತೀರೋ ಅವರು, "ಇವರೇ ಬೇಕು" ಅನ್ನಬೇಕು. ಆಮೇಲೆ ರಿಕ್ರೂಟರ್ ನಿಮ್ಮ ಪೇಸ್ಲಿಪ್ ತರಿಸಿಕೊಂಡು, ನೀವು ಕೇಳಿದ ಸಂಬಳ ಆ ಹುದ್ದೆಗೆ ಇಟ್ಟಿರುವ ಮಿತಿಯೊಳಗೆ ಬರುತ್ತಾ, ಅದೇ ಟೀಮಿನಲ್ಲಿ ಅಷ್ಟೇ ಅನುಭವ ಇರುವವರಿಗೆ ಎಷ್ಟು ಇದೆ ಅಂತ ನೋಡುತ್ತಾರೆ. ಆ ಲೆಕ್ಕ ಒಪ್ಪಿಗೆಗೆ ಹೋಗುತ್ತದೆ. ವಿಭಾಗದ ಮುಖ್ಯಸ್ಥರು, ಫೈನಾನ್ಸ್, ಅಮೆರಿಕದ ಕಂಪನಿಯಾದರೆ ಎಷ್ಟೋ ಸಲ ಅಲ್ಲಿನ ಒಬ್ಬ ಮ್ಯಾನೇಜರ್ ಕೂಡ ಒಪ್ಪಬೇಕು. ಎಲ್ಲರೂ ಒಪ್ಪಿದ ಮೇಲೇ ಲೆಟರ್ ಹೊರಬರುವುದು. ಇದರಲ್ಲಿ ಒಬ್ಬರು ಎರಡು ವಾರ ರಜೆ ಹಾಕಿದರೂ ನಿಮ್ಮ ಆಫರ್ ಅಲ್ಲೇ ಕೂತಿರುತ್ತದೆ.

ನಿಮ್ಮಿಂದ ಪೇಸ್ಲಿಪ್ ತರಿಸಿಕೊಂಡಿದ್ದಾರೆ. ಇದು ನಿಮ್ಮ ಪತ್ರದಲ್ಲಿರುವ ಅತಿ ಮುಖ್ಯವಾದ ಸಂಗತಿ. ಕೆಲವು ಕಡೆ ಪೇಸ್ಲಿಪ್ಪನ್ನು ಶುರುವಿನಲ್ಲೇ ಕೇಳುತ್ತಾರೆ, ಅದಕ್ಕೆ ಬೆಲೆ ಇಲ್ಲ. ಆದರೆ ಫೈನಲ್ ಆದ ಮೇಲೆ, ಸಂಬಳದ ಮಾತಿನ ಜೊತೆಗೆ ಕೇಳಿದ್ದಾರೆ ಅಂದರೆ ಇಂಟರ್‌ವ್ಯೂ ಮಾಡಿದವರ ಮಟ್ಟದಲ್ಲಿ ನೀವು ಪಾಸಾಗಿದ್ದೀರಿ. ಬೇಡ ಅಂದುಕೊಂಡವರ ಪೇಸ್ಲಿಪ್ ತಗೊಂಡು ಸುಮ್ನೆ ಕೆಲಸ ಹೆಚ್ಚಿಸಿಕೊಳ್ಳುವಷ್ಟು ಪುರುಸೊತ್ತು ಯಾವ ರಿಕ್ರೂಟರ್‌ಗೂ ಇರುವುದಿಲ್ಲ. ಹಾಗಾಗಿ ತೊಂದರೆ ಆಮೇಲಿನ ಹಂತದಲ್ಲಿದೆ. ಅಲ್ಲಿ ಸಾಮಾನ್ಯವಾಗಿ ಮೂರು ಕಾರಣ ಇರುತ್ತವೆ.

ಒಂದು, ಸಂಬಳ. 11.5ರಿಂದ 18 ಲಕ್ಷ ಅಂದರೆ ಸುಮಾರು 56 ಶೇಕಡಾ ಏರಿಕೆ. ಹಲವು ಕಂಪನಿಗಳಲ್ಲಿ 30 ಶೇಕಡಾದ ಆಸುಪಾಸಿನವರೆಗೆ ರಿಕ್ರೂಟರ್ ಮಟ್ಟದಲ್ಲೇ ಕೆಲಸ ಆಗಿಬಿಡುತ್ತದೆ. ಅದಕ್ಕಿಂತ ಜಾಸ್ತಿ ಆದರೆ ಯಾಕೆ ಬೇಕು ಅಂತ ಬರೆದು ಮೇಲಿನವರನ್ನು ಕೇಳಬೇಕು. ನೀವು ಜಾಸ್ತಿ ಕೇಳಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಆ ಹುದ್ದೆಗೆ ಮಾರುಕಟ್ಟೆಯಲ್ಲಿ 18 ಇದ್ದರೆ 18 ಕೇಳುವುದೇ ಸರಿ, ಹಳೆಯ ಸಂಬಳ ಕಡಿಮೆ ಇತ್ತು ಅನ್ನುವುದಕ್ಕೆ ಹೊಸದೂ ಕಡಿಮೆ ಇರಬೇಕಾಗಿಲ್ಲ. ಆದರೆ ತಡ ಆಗುವುದಕ್ಕೆ ಇದು ಬಲವಾದ ಕಾರಣ.

ಎರಡು, ಹುದ್ದೆಯೇ ಹೋಲ್ಡ್ ಆಗಿರಬಹುದು. ನಮ್ಮ ಕಂಪನಿಗಳಲ್ಲಿ ಮಾರ್ಚ್ ಕೊನೆಗೆ ಬಜೆಟ್ ಮುಗಿದಾಗ, ಅಮೆರಿಕದ ಕಂಪನಿಗಳಲ್ಲಿ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್‌ನಿಂದ ಹೊಸ ವರ್ಷದವರೆಗೆ ಇದು ಜಾಸ್ತಿ. ಹೋಲ್ಡ್ ಆದಾಗ ಅದನ್ನು ಹೊರಗೆ ಹೇಳಬೇಡಿ ಅಂತ ರಿಕ್ರೂಟರ್‌ಗೆ ಮೇಲಿನವರು ಹೇಳಿರುವುದೂ ಉಂಟು.

ಮೂರನೆಯದು ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ಹುದ್ದೆಗೆ ಇಬ್ಬರು ಪಾಸಾಗಿರುತ್ತಾರೆ. ಮೊದಲನೆಯವರಿಗೆ ಆಫರ್ ಕೊಡುತ್ತಾರೆ, ಎರಡನೆಯವರನ್ನು ಬ್ಯಾಕಪ್ ಆಗಿ ಇಟ್ಟುಕೊಳ್ಳುತ್ತಾರೆ. ನಮ್ಮಲ್ಲಿ 60-90 ದಿನದ ನೋಟಿಸ್ ಇರುವುದರಿಂದ, ಆಫರ್ ಒಪ್ಪಿಕೊಂಡವರು ಆ ಎರಡು-ಮೂರು ತಿಂಗಳಲ್ಲಿ ಇನ್ನೂ ಒಳ್ಳೆಯದು ಹುಡುಕಿಕೊಂಡು ಕೈಕೊಡುವುದು ತುಂಬಾ ಸಾಮಾನ್ಯ. ಸೇರಬೇಕಾದ ದಿನ ಬೆಳಿಗ್ಗೆ ಫೋನ್ ಆಫ್ ಮಾಡಿಕೊಂಡವರನ್ನೂ ನೋಡಿದ್ದೇನೆ. ಹಾಗಾಗಿ ರಿಕ್ರೂಟರ್ ಎರಡನೆಯವರಿಗೆ "ಇಲ್ಲ" ಅನ್ನುವುದಿಲ್ಲ. "ನೀವು ಎರಡನೆಯವರು" ಅಂತಲೂ ಹೇಳುವ ಹಾಗಿಲ್ಲ. ಹೇಳಲು ಏನೂ ಇಲ್ಲದಾಗ ಫೋನ್ ಎತ್ತುವುದನ್ನೇ ಬಿಡುತ್ತಾರೆ. ಇದು ಸರಿಯಲ್ಲ. ಒಬ್ಬರ ಬದುಕಿನ ನಿರ್ಧಾರ ಇದರ ಮೇಲೆ ನಿಂತಿರುವಾಗ ಎರಡು ಸಾಲು ಬರೆಯುವುದು ದೊಡ್ಡ ಕೆಲಸವಲ್ಲ. ನಮ್ಮ ದೇಶದಲ್ಲಿ ಖಾಸಗಿ ಕಂಪನಿಗಳು ಹೀಗೆ ತಿಳಿಸಲೇಬೇಕು ಅನ್ನುವ ಕಾನೂನು ಇಲ್ಲ. ಕೆನಡಾದ ಒಂಟಾರಿಯೊದಲ್ಲಿ ತಂದಿದ್ದಾರೆ. 2026ರ ಜನವರಿ 1ರಿಂದ, 25 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಂಪನಿ ಜಾಹೀರಾತು ಕೊಟ್ಟ ಹುದ್ದೆಗೆ ಇಂಟರ್‌ವ್ಯೂ ಮಾಡಿದರೆ, ಕೊನೆಯ ಇಂಟರ್‌ವ್ಯೂ ಆಗಿ 45 ದಿನದೊಳಗೆ ತೀರ್ಮಾನ ಆಯಿತಾ ಇಲ್ಲವಾ ಅಂತ ತಿಳಿಸಬೇಕು. ಟೊರಾಂಟೊದಲ್ಲಿ ಕೆಲಸ ಹುಡುಕುತ್ತಿರುವ ನಮ್ಮವರಿಗೆ ಇದು ಗೊತ್ತಿರಲಿ.

ಈ ಮೂರರಲ್ಲಿ ನಿಮ್ಮದು ಯಾವುದು ಅಂತ ತಿಳಿಯಲು ನೀವು ಕೇಳುವ ರೀತಿ ಬದಲಾಗಬೇಕು. "ಎನಿ ಅಪ್‌ಡೇಟ್?" ಅಂತ ಕಳಿಸಿದರೆ, ಫಲಿತಾಂಶ ಗೊತ್ತಿಲ್ಲದ ರಿಕ್ರೂಟರ್‌ಗೆ ಬರೆಯಲು ಏನೂ ಸಿಗುವುದಿಲ್ಲ. ಆಮೇಲೆ ನೋಡೋಣ ಅಂತ ಮುಚ್ಚಿಡುತ್ತಾರೆ, ಅಷ್ಟರಲ್ಲಿ ಇನ್ನೂ ಹತ್ತಾರು ಜನರ ಮೆಸೇಜ್ ಮೇಲೆ ಬಂದಿರುತ್ತದೆ. ಫಲಿತಾಂಶ ಗೊತ್ತಿಲ್ಲದಿದ್ದರೂ ಉತ್ತರಿಸಬಹುದಾದ ಪ್ರಶ್ನೆ ಕೇಳಿ. ಹುದ್ದೆ ಈಗಲೂ ಇದೆಯಾ? ನನ್ನ ಫೈಲ್ ಸಂಬಳದ ಒಪ್ಪಿಗೆಗೆ ಹೋಗಿದೆಯಾ? ಶುಕ್ರವಾರದೊಳಗೆ ಏನಾದರೂ ತಿಳಿಯುತ್ತಾ? ಈ ಮೂರಕ್ಕೂ "ಹೌದು", "ಇಲ್ಲ", "ಗೊತ್ತಿಲ್ಲ" ಅನ್ನಬಹುದು. ಮೂರೂ ಉತ್ತರ ನಿಮಗೆ ಉಪಯೋಗಕ್ಕೆ ಬರುತ್ತವೆ.

ನಿಮ್ಮ ವಾರ ಹೀಗೆ ನಡೆಯಲಿ. ಸೋಮವಾರ ಮಧ್ಯಾಹ್ನದ ಹೊತ್ತಿಗೆ ಮೇಲ್ ಕಳಿಸಿ. ವಾಟ್ಸ್ಆ್ಯಪ್ ಸಾಕಾಗುವುದಿಲ್ಲ, ಏಕೆಂದರೆ ಮೇಲನ್ನು ಅವರು ಹಾಗೇ ಮ್ಯಾನೇಜರ್‌ಗೆ ಫಾರ್ವರ್ಡ್ ಮಾಡಬಹುದು, ಒಪ್ಪಿಗೆಗೆ ಒತ್ತಡ ಹಾಕಲು ಅವರಿಗೇ ಅದು ಕಾಗದ ಆಗುತ್ತದೆ. ಹೊಸ ಮೇಲ್ ಬೇಡ, ಪೇಸ್ಲಿಪ್ ಕಳಿಸಿದ್ದ ಮೇಲ್‌ಗೇ ರಿಪ್ಲೈ ಮಾಡಿ. ಹುದ್ದೆಯ ಹೆಸರು ಮತ್ತು ನಂಬರ್ ವಿಷಯದ ಸಾಲಿನಲ್ಲಿ ಇರಲಿ. ಭಾಷೆ ನೀವು ಅವರ ಜೊತೆ ಬಳಸುವ ಇಂಗ್ಲಿಷೇ ಇರಲಿ, ಸಾರ ಮಾತ್ರ ಇಷ್ಟು:

"ನಮಸ್ಕಾರ. ಫೈನಲ್ ರೌಂಡ್ ಆದ ಮೇಲೆ ನೀವು ಕೇಳಿದ ದಾಖಲೆಗಳನ್ನು ಕಳಿಸಿದ್ದೆ. ನನಗೆ ಇನ್ನೊಂದು ಕಂಪನಿಯಿಂದ ಲಿಖಿತ ಆಫರ್ ಬಂದಿದೆ. ಶುಕ್ರವಾರ ಸಂಜೆ 5ರೊಳಗೆ ಅವರಿಗೆ ಉತ್ತರ ಕೊಡಬೇಕು. ನಿಮ್ಮ ಹುದ್ದೆಯಲ್ಲೇ ನನಗೆ ಹೆಚ್ಚು ಆಸಕ್ತಿ ಇದೆ. ಹುದ್ದೆ ಈಗಲೂ ಇದೆಯೇ, ನನ್ನ ಅರ್ಜಿ ಯಾವ ಹಂತದಲ್ಲಿದೆ, ಗುರುವಾರದೊಳಗೆ ತೀರ್ಮಾನ ಆಗುವ ಸಾಧ್ಯತೆ ಇದೆಯೇ ತಿಳಿಸಿ. ಆಗುವುದಿಲ್ಲ ಅಂದರೂ ಪರವಾಗಿಲ್ಲ, ಒಂದು ಸಾಲು ಬರೆದರೆ ನನಗೆ ನಿರ್ಧಾರಕ್ಕೆ ಅನುಕೂಲ."

ಇದರಲ್ಲಿ 14 ಲಕ್ಷದ ಅಂಕಿ ಬರೆಯಬೇಡಿ. ಬರೆದರೆ ನಿಮ್ಮ 18 ಅಲ್ಲೇ ಇಳಿಯುತ್ತದೆ. ಆ ಕಂಪನಿಯ ಹೆಸರೂ ಬೇಡ. ಅವರು ಆಫರ್ ಕಾಪಿ ಕೇಳಿದರೆ ಮೊದಲು ಆ ಲೆಟರ್ ಓದಿ. ಗುಟ್ಟಾಗಿ ಇಡಬೇಕು ಅನ್ನುವ ಷರತ್ತು ತುಂಬಾ ಲೆಟರ್‌ಗಳಲ್ಲಿ ಇರುತ್ತದೆ. ಇದ್ದರೆ ಅದನ್ನೇ ಹೇಳಿ, ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಇನ್ನೊಂದು ಮಾತು, ಇದೇ ಸ್ಥಿತಿಯಲ್ಲಿರುವ ಬೇರೆ ಓದುಗರಿಗೆ: ಇಲ್ಲದ ಆಫರ್ ಇದೆ ಅಂತ ಹೇಳಬೇಡಿ. ಕಾಪಿ ಕೇಳುವುದು ಇಲ್ಲಿ ದಿನನಿತ್ಯದ ಅಭ್ಯಾಸ. ಕೊಡಲಾಗದೆ ತಡವರಿಸಿದರೆ ಅದುವರೆಗಿನ ನಂಬಿಕೆಯೂ ಹೋಗುತ್ತದೆ.

ಅದೇ ದಿನ ಚಿಕ್ಕ ಕಂಪನಿಗೂ ಫೋನ್ ಮಾಡಿ. ಮಂಗಳವಾರದವರೆಗೆ ಸಮಯ ಕೊಡುತ್ತೀರಾ ಅಂತ ನೇರವಾಗಿ ಕೇಳಿ. ಎರಡು ಕೆಲಸದ ದಿನ ಜಾಸ್ತಿ ಕೇಳುವುದು ಇಲ್ಲಿ ತೀರಾ ಸಾಮಾನ್ಯ, ಅದಕ್ಕಾಗಿ ಆಫರ್ ಕಿತ್ತುಕೊಳ್ಳುವವರು ಅಪರೂಪ. 14ರಲ್ಲಿ ಕೈಗೆ ಬರುವುದು ಎಷ್ಟು, ವೇರಿಯಬಲ್ ಎಷ್ಟು, ಪಿಎಫ್‌ನಲ್ಲಿ ಕಂಪನಿಯ ಪಾಲನ್ನೂ ಸೇರಿಸಿ 14 ಅಂದಿದ್ದಾರಾ ಅಂತ ಈಗಲೇ ಕೇಳಿಕೊಳ್ಳಿ. ಹೇಗೂ ತಿಳಿಯಬೇಕಾದ ವಿಷಯ, ಸಮಯ ಕೇಳಲು ನಿಜವಾದ ಕಾರಣವೂ ಆಗುತ್ತದೆ.

ಬುಧವಾರದವರೆಗೆ ಮೇಲ್‌ಗೆ ಉತ್ತರ ಬರದಿದ್ದರೆ ಒಂದು ಸಲ ಫೋನ್ ಮಾಡಿ. ಬೆಳಿಗ್ಗೆ 11ರ ಮೇಲೆ ಅಥವಾ ಸಂಜೆ 4ರ ಹೊತ್ತಿಗೆ ಸಿಗುವ ಸಾಧ್ಯತೆ ಜಾಸ್ತಿ. ಎತ್ತದಿದ್ದರೆ ಮತ್ತೆ ಮತ್ತೆ ಮಾಡಬೇಡಿ. ಅದೇ ದಿನ ಹೈರಿಂಗ್ ಮ್ಯಾನೇಜರ್‌ಗೆ ಲಿಂಕ್ಡ್‌ಇನ್‌ನಲ್ಲಿ ಅಥವಾ ಇಂಟರ್‌ವ್ಯೂ ಕ್ಯಾಲೆಂಡರ್‌ನಲ್ಲಿ ಸಿಕ್ಕ ಮೇಲ್‌ಗೆ ನಾಲ್ಕು ಸಾಲು ಬರೆಯಿರಿ. ರಿಕ್ರೂಟರ್‌ನ ದೂರು ಬೇಡ. "ಅವರನ್ನು ಸಂಪರ್ಕಿಸಲು ಆಗಿಲ್ಲ, ಶುಕ್ರವಾರ ಬೇರೆ ಆಫರ್‌ಗೆ ಉತ್ತರ ಕೊಡಬೇಕಿದೆ, ನಿಮ್ಮ ಗಮನಕ್ಕೆ ಇರಲಿ ಅಂತ ಬರೆಯುತ್ತಿದ್ದೇನೆ" ಅಂದರೆ ಸಾಕು. ಎಷ್ಟೋ ಜನ ಹೀಗೆ ಬರೆಯಲು ಹಿಂಜರಿಯುತ್ತಾರೆ, ಮೇಲೆ ಹೋದರೆ ರಿಕ್ರೂಟರ್‌ಗೆ ಕೋಪ ಬರುತ್ತೆ ಅಂತ. ನನ್ನ ಅನುಭವದಲ್ಲಿ ಮೌನ ಮುರಿದಿರುವುದು ಹೆಚ್ಚಾಗಿ ಈ ಸಂದೇಶದಿಂದಲೇ. ಮ್ಯಾನೇಜರ್‌ಗೆ ಕೆಲಸ ಮಾಡುವ ಜನ ಬೇಕು. ತನ್ನ ಆಯ್ಕೆ ಕೈತಪ್ಪುತ್ತಿದೆ ಅಂತ ಎಷ್ಟೋ ಸಲ ಅವರಿಗೆ ಗೊತ್ತೇ ಇರುವುದಿಲ್ಲ. ರಿಕ್ರೂಟರ್ ಕೆಲಸ ಬಿಟ್ಟು ಹೋಗಿ, ಅವರ ಹುದ್ದೆಗಳನ್ನು ಇನ್ನೊಬ್ಬರಿಗೆ ಸರಿಯಾಗಿ ಹಸ್ತಾಂತರ ಮಾಡದೆ ಇರುವುದೂ ಹೀಗೇ ಬೆಳಕಿಗೆ ಬರುತ್ತದೆ.

ನಿಮಗೆ ಫೋನ್ ಮಾಡಿದವರು ಆ ಕಂಪನಿಯ ಸಿಬ್ಬಂದಿಯೋ, ಹೊರಗಿನ ಕನ್ಸಲ್ಟೆನ್ಸಿಯವರೋ ಅಂತ ನೀವು ಬರೆದಿಲ್ಲ. ಮೇಲ್ ಐಡಿ ನೋಡಿದರೆ ಗೊತ್ತಾಗುತ್ತದೆ. ಕನ್ಸಲ್ಟೆನ್ಸಿಯವರಾದರೆ ಅವರಿಗೂ ಒಳಗಿನ ಸುದ್ದಿ ಸಿಗದೆ ಇರಬಹುದು. ನೀವು ಸೇರಿದ ಮೇಲೇ ಅವರಿಗೆ ಹಣ ಬರುವುದು, ಹಾಗಾಗಿ ಅವರು ನಿಮ್ಮನ್ನು ಸುಮ್ನೆ ಬಿಡುವವರಲ್ಲ. ಅವರ ಮೂಲಕವೇ ಕಂಪನಿಯ ಎಚ್‌ಆರ್ ಸಂಪರ್ಕ ಕೇಳಿ. ಅವರನ್ನು ದಾಟಿ ಅದೇ ಹುದ್ದೆಗೆ ನೇರವಾಗಿ ಮತ್ತೆ ಅರ್ಜಿ ಹಾಕಬೇಡಿ. ಒಂದೇ ಹೆಸರು ಎರಡು ದಾರಿಯಲ್ಲಿ ಬಂದರೆ ಯಾರಿಗೆ ಹಣ ಕೊಡಬೇಕು ಅನ್ನುವ ತಕರಾರು ಶುರುವಾಗುತ್ತದೆ, ಅದರಲ್ಲಿ ಫೈಲ್ ಇನ್ನಷ್ಟು ತಡ ಆಗುತ್ತದೆ.

ಉತ್ತರ ಬಂದರೆ ಅದನ್ನು ಓದುವುದು ಹೇಗೆ? "ನಿಮ್ಮ ಕನಿಷ್ಠ ನಿರೀಕ್ಷೆ ಎಷ್ಟು, ಬೇರೆ ಆಫರ್ ಕಾಪಿ ಕಳಿಸಿ" ಅಂದರೆ ಫೈಲ್ ಸಂಬಳದ ಒಪ್ಪಿಗೆಯಲ್ಲಿದೆ. ಇದು ಒಳ್ಳೆಯ ಸೂಚನೆ. ಆಗ ನೀವು ಇಳಿಯಬಹುದಾದ ಅಂಕಿ ಒಂದು ಮನಸ್ಸಿನಲ್ಲಿ ಸಿದ್ಧವಾಗಿರಲಿ. ನಿಮ್ಮ ಜಾಗದಲ್ಲಿ ನಾನಾಗಿದ್ದರೆ 16.5 ಲಕ್ಷದವರೆಗೆ ಇಳಿಯುತ್ತಿದ್ದೆ, ಗುರುವಾರದೊಳಗೆ ಲಿಖಿತ ಆಫರ್ ಕೊಡುವುದಾದರೆ ಮಾತ್ರ ಅನ್ನುವ ಷರತ್ತಿನ ಮೇಲೆ. "ಪ್ರೊಸೆಸ್ ನಡೀತಿದೆ, ನಿಮ್ಮ ನೋಟಿಸ್ ಕಡಿಮೆ ಆಗುತ್ತಾ, ಇನ್ನೂ ಆಸಕ್ತಿ ಇದೆಯಾ" ಅಂತ ಕೇಳಿ ತಾರೀಕು ಮಾತ್ರ ಹೇಳದೆ ಹೋದರೆ ನೀವು ಬ್ಯಾಕಪ್ ಇರುವ ಸಾಧ್ಯತೆ ದೊಡ್ಡದು. "ಬೇರೆ ಆಫರ್ ಇದ್ದರೆ ತಗೊಳ್ಳಿ" ಅಂತ ಅವರೇ ಅಂದರೆ ಅದು ಸಭ್ಯವಾದ ಇಲ್ಲ, ಅವರು ನಿಮಗೆ ಉಪಕಾರವನ್ನೇ ಮಾಡಿದ್ದಾರೆ.

ಕಂಪನಿಯ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನ ಮುಂದೆ Under Consideration ಅಂತ ಇದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಯಾರಾದರೂ ಬದಲಾಯಿಸುವ ತನಕ ಅದು ಹಾಗೇ ಇರುತ್ತದೆ, ಹುದ್ದೆ ತುಂಬಿದ ಎಷ್ಟೋ ದಿನದ ಮೇಲೂ ಇರಬಹುದು. ಅದೇ ಹುದ್ದೆ ನೌಕ್ರಿಯಲ್ಲಿ ಮತ್ತೆ ಕಾಣಿಸಿತು ಅಂತ ಗಾಬರಿಯೂ ಬೇಡ. ಹಳೆಯ ಜಾಹೀರಾತು ತಾನಾಗಿಯೇ ನವೀಕರಣ ಆಗಿರಬಹುದು, ಅಥವಾ ಅದೇ ಹೆಸರಿನಲ್ಲಿ ಇನ್ನೂ ಮೂರು ಹುದ್ದೆ ಇರಬಹುದು.

ಶುಕ್ರವಾರ, ಅಥವಾ ಸಮಯ ಸಿಕ್ಕರೆ ಮಂಗಳವಾರ, ಆ ಕಡೆಯಿಂದ ಲಿಖಿತ ಆಫರ್ ಇಲ್ಲದಿದ್ದರೆ 14ರ ಕಂಪನಿಗೆ ಹೌದು ಅನ್ನಿ. ಕೆಲಸ, ಟೀಮ್ ನಿಮಗೆ ಒಪ್ಪಿಗೆ ಇದ್ದರೆ ಮಾತ್ರ ಅನ್ನಿ. ಅಲ್ಲಿನ ಕೆಲಸವೇ ಇಷ್ಟವಿಲ್ಲದಿದ್ದರೆ ಈಗಿರುವ ಕಡೆಯೇ ಇದ್ದು ಹುಡುಕಬಹುದು, ನಿಮಗೆ ಕೆಲಸವಂತೂ ಇದೆ ಅಲ್ವಾ. ಒಪ್ಪುವುದಾದರೆ, ಸೇರುವ ದಿನ, ಸಂಬಳದ ವಿವರ, ಸಹಿ ಇರುವ ಲೆಟರ್ ಕಂಪನಿಯ ಅಧಿಕೃತ ಮೇಲ್ ಅಥವಾ ಪೋರ್ಟಲ್‌ನಿಂದ ಬಂದ ಮೇಲೆ ರಾಜೀನಾಮೆ ಕೊಡಿ. ಲೆಟರ್ ಆಫ್ ಇಂಟೆಂಟ್ ಅನ್ನುವುದನ್ನು ಆಫರ್ ಲೆಟರ್ ಅಂದುಕೊಳ್ಳಬೇಡಿ. ಅದರಲ್ಲಿ "ಒಪ್ಪಿಗೆಗೆ ಒಳಪಟ್ಟು" ಅನ್ನುವ ಅರ್ಥದ ಒಂದು ಸಾಲು ಇದ್ದೇ ಇರುತ್ತದೆ, ಆ ಸಾಲಿನ ಮೇಲೆ ಮನೆ ಬಾಡಿಗೆ, ಸಾಲದ ಕಂತು ನಿಲ್ಲಿಸಲು ಆಗುವುದಿಲ್ಲ.

ಆಮೇಲೆ ಮೌನವಾಗಿದ್ದ ರಿಕ್ರೂಟರ್‌ಗೆ ಕೊನೆಯ ಮೇಲ್: "ಬೇರೆ ಆಫರ್ ಒಪ್ಪಿಕೊಂಡಿದ್ದೇನೆ. ನಿಮ್ಮ ಟೀಮ್ ಕೊಟ್ಟ ಸಮಯಕ್ಕೆ ಧನ್ಯವಾದ. ಮುಂದೆ ಅವಕಾಶ ಇದ್ದರೆ ಖಂಡಿತ ತಿಳಿಸಿ." ಕೋಪ ಎಷ್ಟೇ ಇದ್ದರೂ ಇಷ್ಟೇ ಇರಲಿ. ನಾನು ಹೀಗೆ ಹೇಳುವುದಕ್ಕೆ ಕಾರಣ ಆ ಬ್ಯಾಕಪ್ ಪದ್ಧತಿ. ಮೊದಲನೆಯವರು ಕೈಕೊಟ್ಟ ದಿನ ರಿಕ್ರೂಟರ್ ಮೊದಲು ತೆರೆಯುವುದು ನಿಮ್ಮ ಮೇಲ್ ಇರುವ ಎಳೆಯನ್ನೇ. ಒಂದೂವರೆ-ಎರಡು ತಿಂಗಳ ಮೇಲೆ, ಏನೂ ಆಗಿಲ್ಲವೆಂಬಂತೆ "ಎಷ್ಟು ಬೇಗ ಸೇರಬಹುದು?" ಅಂತ ಫೋನ್ ಬರುವುದು ಇಲ್ಲಿ ಮಾಮೂಲು.

ಆ ಫೋನ್ ಬಂದರೆ ಮೊದಲಿನ ಬೇಸರ ಪಕ್ಕಕ್ಕಿಟ್ಟು ಲೆಕ್ಕ ಹಾಕಿ. ಈಗ ಅವರಿಗೆ ಅವಸರ, ನಿಮಗಲ್ಲ. 18 ಅನ್ನೇ ಹೇಳಿ, ಇಳಿಯುವ ಅಗತ್ಯ ಇಲ್ಲ. ಎರಡು ಕೆಲಸದ ದಿನದಲ್ಲಿ ಆಫರ್ ಲೆಟರ್ ಕೈಗೆ ಬಂದರೆ ಮಾತ್ರ ಯೋಚಿಸುತ್ತೇನೆ ಅನ್ನಿ, ಲೆಟರ್ ಬರುವ ತನಕ ಚಿಕ್ಕ ಕಂಪನಿಗೆ ಏನನ್ನೂ ಹೇಳಬೇಡಿ. ಬಂದ ಮೇಲೆ ನೀವು ಮನಸ್ಸು ಬದಲಿಸಿದರೆ, ಅದೇ ದಿನ ಚಿಕ್ಕ ಕಂಪನಿಗೆ ಫೋನ್ ಮಾಡಿ ತಿಳಿಸಿ, ಆಮೇಲೆ ಮೇಲ್ ಹಾಕಿ. ಒಪ್ಪಿ ಬಿಟ್ಟವರ ಹೆಸರನ್ನು ಆ ಕಂಪನಿ ಬರೆದಿಟ್ಟುಕೊಳ್ಳಬಹುದು, ಮುಂದೆ ಅಲ್ಲಿ ಬಾಗಿಲು ಮುಚ್ಚಬಹುದು, ಅದು ಗೊತ್ತಿದ್ದು ನಿರ್ಧರಿಸಿ. ಸೇರಲು ವಾರಕ್ಕಿಂತ ಕಡಿಮೆ ಉಳಿದಿದ್ದರೆ ಮಾತ್ರ ನಾನು ಹೋಗಬೇಡಿ ಅನ್ನುತ್ತೇನೆ. ಅಷ್ಟು ಹೊತ್ತಿಗೆ ನಿಮ್ಮನ್ನು ನಂಬಿ ಅವರು ಬೇರೆಯವರನ್ನು ಕಳಿಸಿರುತ್ತಾರೆ, ಆ ಬೇರೆಯವರೂ ನಿಮ್ಮ ಹಾಗೇ ಒಂದು ಉತ್ತರಕ್ಕೆ ಕಾದು ಕೂತಿದ್ದವರು.